ಆರು ಗಂಟೆಗಳ ಅವಧಿ

ಬೆಂಗಳೂರಿನ ಹಳೆಯ ಬಡಾವಣೆಯೊಂದರ ಸಮುದಾಯ ಭವನದಲ್ಲಿ ನೇತ್ರದಾನ ಪಾಕ್ಷಿಕದ ನಿಮಿತ್ತ ಏರ್ಪಟ್ಟಿದ್ದ ಸಭೆಯಲ್ಲಿ, ಭಾಷಣಗಳೆಲ್ಲ ಮುಗಿದ ಬಳಿಕ ವೃದ್ಧೆಯೊಬ್ಬರು ಎದ್ದುನಿಂತು, "ಕಣ್ಣು ತೆಗೆದು ಕಳಿಸಿದರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟೋದಿಲ್ಲವೇನಮ್ಮ?" ಎಂದು ಕೇಳಿದಾಗ, ನೇತ್ರಭಂಡಾರದಿಂದ ಬಂದಿದ್ದ ಆಪ್ತಸಮಾಲೋಚಕಿ ನಗಲಿಲ್ಲ, ವಾದಕ್ಕೂ ಇಳಿಯಲಿಲ್ಲ. "ಆ ಜನ್ಮದ ಮಾತು ನಾನು ಹೇಳಲಾರೆ ಅಮ್ಮಾ. ನಾವು ಬಂದು ಏನು ಮಾಡುತ್ತೇವೆ ಅನ್ನೋದನ್ನ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ" ಎಂದರು. ನಾನು ಈ ಲೇಖನವನ್ನು ಬರೆಯತೊಡಗಿದ್ದು ಆ ಉತ್ತರಕ್ಕಾಗಿಯೇ.

ಪ್ರಾಣ ಹೋದ ಆರು ಗಂಟೆಗಳೊಳಗೆ ಕಣ್ಣು ಸಂಗ್ರಹವಾಗಬೇಕು. ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಕುಳಿತಿರುವ ಕಾರ್ನಿಯಾ ಎಂಬ ಪಾರದರ್ಶಕ ಪಟಲದ ಒಳಪದರದ ಜೀವಕೋಶಗಳು ಒಮ್ಮೆ ನಶಿಸಿದರೆ ಮತ್ತೆ ಹುಟ್ಟುವುದಿಲ್ಲವಾದುದರಿಂದ ಈ ತ್ವರೆ. ಆದಕಾರಣ ಮನೆಯವರು ಒಡನೆಯೇ ನೇತ್ರಭಂಡಾರಕ್ಕೆ ದೂರವಾಣಿ ಮಾಡಿ, ಫ್ಯಾನು ನಿಲ್ಲಿಸಿ, ರೆಪ್ಪೆಗಳನ್ನು ಮುಚ್ಚಿ ಅವುಗಳ ಮೇಲೆ ಒದ್ದೆ ಹತ್ತಿಯಿಟ್ಟು, ತಲೆಯಡಿಗೆ ದಿಂಬನ್ನು ಕೊಟ್ಟು ಕಾಯಬೇಕು. ಬಂದವರು ಮೊದಲು ಹತ್ತಿರದ ಬಂಧುವಿನ ಲಿಖಿತ ಸಮ್ಮತಿಯನ್ನು ಪಡೆದು, ಸೋಂಕಿನ ಪರೀಕ್ಷೆಗಾಗಿ ಕೊಂಚ ರಕ್ತವನ್ನು ತೆಗೆಯುತ್ತಾರೆ. ಹಿಂದೆ ಇಡೀ ಕಣ್ಣುಗುಡ್ಡೆಯನ್ನೇ ತೆಗೆಯುತ್ತಿದ್ದರು, ಈಗಲೂ ಕೆಲವೆಡೆ ಹಾಗುಂಟು. ಸಮಾಲೋಚಕಿಯ ಸಂಸ್ಥೆಯವರು ತೆಗೆಯುವುದು ಕಾರ್ನಿಯಾವನ್ನೂ ಅದರ ಸುತ್ತಲ ಬಿಳಿಯ ತೆಳು ಅಂಚನ್ನೂ ಮಾತ್ರ. ಬಳಿಕ ಪ್ಲಾಸ್ಟಿಕ್ಕಿನ ಪುಟ್ಟ ಕವಚವನ್ನಿಟ್ಟು ರೆಪ್ಪೆ ಮುಚ್ಚುತ್ತಾರೆ, ಮುಖ ವಿಕಾರವಾಗದು. ಸುಮಾರು ಅರ್ಧ ಗಂಟೆಯ ಈ ಕೆಲಸ ಮನೆಯಲ್ಲಿಯೇ ಮುಗಿಯುವುದರಿಂದ ಸ್ನಾನ, ಪೂಜೆ, ಅಂತ್ಯಕ್ರಿಯೆ ಯಾವುದಕ್ಕೂ ಅಡ್ಡಿಯಿಲ್ಲ.

ಕನ್ನಡಕ ಹಾಕುವವರೂ ಪೊರೆಯ ಶಸ್ತ್ರಚಿಕಿತ್ಸೆಯಾದವರೂ ಮಧುಮೇಹಿಗಳೂ ಕಣ್ಣು ಕೊಡಬಹುದು. ರೇಬಿಸ್, ಎಚ್‌ಐವಿ ಮೊದಲಾದುವುಗಳಿದ್ದಲ್ಲಿ ಸ್ವೀಕರಿಸರು. ದಾನದ ಕಣ್ಣಿನಿಂದ ದೃಷ್ಟಿ ಮರಳುವುದು ಕಾರ್ನಿಯಾ ಮಸುಕಾದವರಿಗಷ್ಟೇ. ಅಕ್ಷಿಪಟಲವೋ ನರವೋ ಕೆಟ್ಟವರಿಗಲ್ಲ.

ಕಾರ್ನಿಯಾದ ಕಸಿಯನ್ನು ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಮೊದಲಬಾರಿಗೆ ಸಫಲಗೊಳಿಸಿದ್ದು 1905ರಲ್ಲಿ. 1954ರಲ್ಲಿ ಬೇಡರ ಕಣ್ಣಪ್ಪನಾಗಿ ಶಿವನಿಗೆ ಕಣ್ಣಿತ್ತ ಪಾತ್ರದಿಂದ ನಾಯಕನಟರಾದ ರಾಜಕುಮಾರರ ಕಣ್ಣುಗಳು 2006ರಲ್ಲಿ ದಾನವಾದುವು. 2021ರಲ್ಲಿ ಅವರ ಮಗ ಪುನೀತರ ಎರಡು ಕಾರ್ನಿಯಾಗಳನ್ನು ಮುಂಪದರ ಹಿಂಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ಜೋಡಿಸಿದರು.

ಆದರೆ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದವರ ಮನೆಯವರೇ ಒಪ್ಪದಿದ್ದಲ್ಲಿ ಬಂದವರು ಬರಿಗೈಯಲ್ಲಿ ಮರಳುತ್ತಾರೆ, ಒತ್ತಾಯಿಸುವುದಿಲ್ಲ. ಅದು ಸರಿಯೆಂದೇ ನನ್ನ ಮತ. ಸಮಾಲೋಚಕಿಗೆ ಹೆಚ್ಚು ನೋವು ತಂದಿರುವುದು ಬೇರೊಂದು ಸಂದರ್ಭ: ಮೇಷ್ಟರೊಬ್ಬರು ಎಂದೋ ಸಹಿ ಮಾಡಿದ್ದ ಕಾರ್ಡು ಮಗನಿಗೆ ದೊರೆತದ್ದು ಮೂರನೆಯ ದಿನ, ಅಸ್ಥಿಸಂಚಯನ ಮುಗಿಸಿ ಬಂದು ಬೀರುವಿನ ಕಾಗದಗಳನ್ನು ನೋಡುತ್ತಿದ್ದಾಗ. "ಮೊದಲೇ ಗೊತ್ತಿದ್ದರೆ ಖಂಡಿತ ಕೊಡುತ್ತಿದ್ದೆವು" ಎಂದು ಆತ ದೂರವಾಣಿಯಲ್ಲಿ ಹೇಳಿದನಂತೆ.

ಆ ಸಂಜೆ ಹಲವರು ಅರ್ಜಿ ತುಂಬಿದರು. ವೃದ್ಧೆ ತುಂಬಲಿಲ್ಲ, ಮಕ್ಕಳನ್ನು ಕೇಳಿ ಹೇಳುತ್ತೇನೆಂದು ಹೊರಟರು. ಬಂದ ಅರ್ಜಿಗಳಿಗಿಂತ ಆ ಮಾತಿನ ಮೇಲೆಯೇ ತಮಗೆ ಹೆಚ್ಚು ನಂಬಿಕೆಯೆಂದು ಸಮಾಲೋಚಕಿ ನನ್ನೊಡನೆ ಹೇಳಿದರು.