ಉಗ್ರಾಣದ ಉದ್ದಿನಬೇಳೆ: ದರ್ಶಿನಿಯ ದಾಸ್ತಾನು ಲೆಕ್ಕ

ಹೋಟೆಲಿನ ಉಗ್ರಾಣದಲ್ಲಿರುವ ಸಾಮಾನುಗಳೆಲ್ಲ ಒಂದೇ ವೇಗದಲ್ಲಿ ಖರ್ಚಾಗುವುದಿಲ್ಲ. ಬೆಳಗ್ಗೆ ಬಂದ ಹಾಲು ರಾತ್ರಿಯೊಳಗೆ ಮುಗಿಯುತ್ತದೆ, ಇಂಗಿನ ಡಬ್ಬಿ ತಿಂಗಳು ಕಳೆದರೂ ಅಲ್ಲೇ ಇರುತ್ತದೆ. ಹಾಗಾಗಿ ಪ್ರತಿ ಸಾಮಾನಿಗೂ ಬೇರೆಬೇರೆ ಮಟ್ಟ ಗೊತ್ತುಮಾಡಬೇಕಾಗುತ್ತದೆ. ಸರಕು ಬಂದಿಳಿದ ಹೊತ್ತಿಗೆ ಉಗ್ರಾಣದಲ್ಲಿ ಇಷ್ಟು ಇರಲೇಬೇಕು ಎಂದು ನಿಗದಿಮಾಡಿದ ಪ್ರಮಾಣವೇ ಪಾರ್ ಲೆವೆಲ್. ಪ್ರತಿ ಸಲವೂ ಇರುವುದನ್ನು ಎಣಿಸಿ, ಪಾರ್‌ಗೆ ಎಷ್ಟು ಕಡಿಮೆಯಿದೆಯೋ ಅಷ್ಟನ್ನೇ ತರಿಸುತ್ತಾರೆ.

ಬೆಂಗಳೂರಿನ ಮಧ್ಯಮ ಗಾತ್ರದ ಒಂದು ದರ್ಶಿನಿಯನ್ನು ಕಲ್ಪಿಸಿಕೊಂಡು, ಅದರ ಉದ್ದಿನಬೇಳೆಯೊಂದನ್ನೇ ಹಿಡಿದು ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ. ಅಲ್ಲಿ ಇಡ್ಲಿ-ದೋಸೆ ಹಿಟ್ಟಿಗೆ ಸಾಮಾನ್ಯ ದಿನ 12 ಕಿಲೋ ಬೇಳೆ ನೆನೆಸುತ್ತಾರೆ, ವಾರಾಂತ್ಯದ ಎರಡು ದಿನದ ಮಾರಾಟಕ್ಕೆ ದಿನಕ್ಕೆ 18 ಕಿಲೋ. ಐದು ದಿನಕ್ಕೆ 60, ಎರಡು ದಿನಕ್ಕೆ 36, ಒಟ್ಟು ವಾರಕ್ಕೆ 96 ಕಿಲೋ. ಇಲ್ಲಿ ಒಂದು ಸೂಕ್ಷ್ಮವಿದೆ. ಹಿಟ್ಟು ರಾತ್ರಿಯಿಡೀ ಹುಳಿಯಬೇಕಾದ್ದರಿಂದ ಶನಿವಾರ ಮಾರುವ ಇಡ್ಲಿಯ ಬೇಳೆ ಶುಕ್ರವಾರ ಮಧ್ಯಾಹ್ನವೇ ಉಗ್ರಾಣದಿಂದ ಹೊರಬೀಳುತ್ತದೆ. ಗಲ್ಲಾಪೆಟ್ಟಿಗೆಯ ಲೆಕ್ಕಕ್ಕಿಂತ ಉಗ್ರಾಣದ ಲೆಕ್ಕ ಒಂದು ದಿನ ಮುಂದೆ ಓಡುತ್ತಿರುತ್ತದೆ. ಬಿಲ್ಲುಗಳನ್ನು ಮಾತ್ರ ನೋಡಿ ಪಾರ್ ಕಟ್ಟುವವರು ಎಡವುವುದು ಇಲ್ಲಿಯೇ.

ದಿನಸಿ ವ್ಯಾಪಾರಿ ಪ್ರತಿ ಬುಧವಾರ ಮಧ್ಯಾಹ್ನಕ್ಕೆ ಮುಂಚೆ ಸರಕು ಇಳಿಸುತ್ತಾನೆ. ಒಂದು ಬುಧವಾರದಿಂದ ಮುಂದಿನ ಬುಧವಾರದವರೆಗೆ 96 ಕಿಲೋ ಬೇಕು. ಲಾರಿ ತಡವಾದರೆ ಕೈಕಟ್ಟಬಾರದೆಂದು ಎರಡು ಸಾಮಾನ್ಯ ದಿನದ ಖರ್ಚು, ಅಂದರೆ 24 ಕಿಲೋ, ಮೀಸಲು. ಎರಡೂ ಸೇರಿ ಪಾರ್ 120 ಕಿಲೋ, 30 ಕಿಲೋದ ನಾಲ್ಕು ಮೂಟೆ. ಮಂಗಳವಾರ ರಾತ್ರಿ ಬಾಗಿಲು ಹಾಕಿದ ಮೇಲೆ ತೂಗಿದಾಗ 26 ಕಿಲೋ ಉಳಿದಿದೆ. ಪಾರ್‌ಗೆ 94 ಕಿಲೋ ಕೊರತೆ. ಮೂಟೆ ಒಡೆದು ಯಾರೂ ಕೊಡುವುದಿಲ್ಲ, ಮೂರು ತರಿಸಿದರೆ 116 ಆಗುತ್ತದೆ, ನಾಲ್ಕು ತರಿಸಿದರೆ 146. ಮಾಮೂಲಿ ವಾರವಾದರೆ ಮೂರೇ ಸಾಕು, ನಾಲ್ಕು ಕಿಲೋದ ಕೊರತೆಯನ್ನು ಮೀಸಲು ಹೊರುತ್ತದೆ. ಮುಂದೆ ಸಾಲು ರಜೆ ಇದ್ದರೆ ನಾಲ್ಕನೆಯ ಮೂಟೆಯೂ ಬರಲಿ. ಸರಕು ಶುಕ್ರವಾರ ಮಧ್ಯಾಹ್ನಕ್ಕೂ ಬರದೆ ಹೋದರೆ ಮಾತ್ರ ಈ ಮೀಸಲು ಸಾಲದು. ಆಗ ಪಕ್ಕದ ಅಂಗಡಿಯಿಂದ ಚಿಲ್ಲರೆ ದರಕ್ಕೆ ತರಿಸದೆ ಗತಿಯಿಲ್ಲ.

ಇದೇ ಸೂತ್ರವನ್ನು ಕೊತ್ತಂಬರಿ ಸೊಪ್ಪಿಗೆ ಅನ್ವಯಿಸಿದರೆ ನಷ್ಟ. ಸೊಪ್ಪಿಗೆ ಎರಡು ದಿನದ ಮೀಸಲು ಇಡುವುದೆಂದರೆ ಕೊಳೆಯಲು ಇಟ್ಟಂತೆ, ಅದರ ಪಾರ್ ಒಂದು ದಿನದ ಖರ್ಚನ್ನು ಮೀರಬಾರದು. ಕಾಫಿಪುಡಿ ಕೆಡುವುದಿಲ್ಲ, ಆದರೆ ಘಮ ಹಾರಿಹೋಗುತ್ತದೆ. ಅದನ್ನೂ ಕಡಿಮೆಯೇ ಇಡುವುದು ಜಾಣತನ. ಬೆಲೆ ಇಳಿದಿದೆಯೆಂದು ಹತ್ತು ಟಿನ್ ಎಣ್ಣೆ ತಂದಿಡುವ ಮಾಲೀಕರಿದ್ದಾರೆ. ಅದು ವ್ಯಾಪಾರದ ಲೆಕ್ಕಾಚಾರ, ದಾಸ್ತಾನಿನ ಲೆಕ್ಕವಲ್ಲ. ಎರಡನ್ನೂ ಒಂದೇ ಪುಸ್ತಕದಲ್ಲಿ ಬೆರೆಸಿದರೆ ಯಾವುದೂ ಹೊಂದುವುದಿಲ್ಲ.

ಪಾರ್ ಎಷ್ಟು ಇರಬೇಕೆಂದು ಹೇಳುತ್ತದೆ, ಇರುವುದರಲ್ಲಿ ಯಾವುದನ್ನು ಮೊದಲು ತೆಗೆಯಬೇಕೆಂದು ಹೇಳುವುದಿಲ್ಲ. ಅದಕ್ಕಿರುವುದು ಮೊದಲು ಬಂದದ್ದು ಮೊದಲು ಖರ್ಚಾಗಲಿ ಎಂಬ ಪದ್ಧತಿ. ಆಹಾರ ಸುರಕ್ಷತೆಯ 2011ರ ಪರವಾನಗಿ ನಿಯಮಗಳ ನಾಲ್ಕನೆಯ ಅನುಸೂಚಿಯಲ್ಲೂ ಇದರ ಉಲ್ಲೇಖವಿದೆ. ಕೆಲಸ ಸರಳ. ಮೂಟೆ ಇಳಿದ ಕೂಡಲೇ ಅದರ ಮೇಲೆ ದಪ್ಪಕ್ಷರದಲ್ಲಿ ತಾರೀಖು ಬರೆದು, ಹಳೆಯ ಮೂಟೆಯನ್ನು ಮುಂದಕ್ಕೆಳೆದು, ಹೊಸದನ್ನು ಹಿಂದಕ್ಕೆ ಇಡಬೇಕು. ಗೋಡೆಗೂ ನೆಲಕ್ಕೂ ತಾಗದಂತೆ ಮರದ ಹಲಗೆಯ ಮೇಲೆ ಇಡುವುದು ತೇವದ ಭಯಕ್ಕೆ. ಆದರೆ ಸರಕು ಬರುವುದು ಹೆಚ್ಚಾಗಿ ಅಡುಗೆಮನೆಯಲ್ಲಿ ಗದ್ದಲವಿರುವ ಹೊತ್ತಿನಲ್ಲೇ. ಹಮಾಲಿ ಮೂಟೆಯನ್ನು ಬಾಗಿಲ ಬಳಿಯೇ ಹಾಕಿ ಹೋಗುತ್ತಾನೆ, ಅಡುಗೆಯವರು ಕೈಗೆ ಸಿಕ್ಕಿದ್ದನ್ನೇ ಬಿಚ್ಚುತ್ತಾರೆ. ಹೀಗೆ ಮೂಲೆಯ ಮೂಟೆ ತಿಂಗಳುಗಟ್ಟಲೆ ಮೂಲೆಯಲ್ಲೇ ಉಳಿದುಬಿಡುತ್ತದೆ.

ಉದ್ದಿನ ವಿಷಯದಲ್ಲಿ ಇದು ರುಬ್ಬುವ ಕಲ್ಲಿನಲ್ಲೇ ಕಾಣುತ್ತದೆ. ಹಳೆಯ ಬೇಳೆ ಹೊಸದರಷ್ಟು ಒದಗುವುದಿಲ್ಲ, ಹಿಟ್ಟು ಉಬ್ಬುವುದೂ ಕಡಿಮೆ. ಅಳತೆ ಅದೇ ಇದ್ದರೂ ಇಡ್ಲಿ ಗಟ್ಟಿಯಾದರೆ ಅನುಭವಿ ಅಡುಗೆಯವರು ಮೊದಲು ಬೇಳೆಯ ವಯಸ್ಸನ್ನು ವಿಚಾರಿಸುತ್ತಾರೆ. ಅಕ್ಕಿಯ ಕಥೆ ಬೇರೆ. ಊಟದ ಅಕ್ಕಿ ಹಳೆಯದಾದಷ್ಟೂ ಅನ್ನ ಉದುರುದುರಾಗುತ್ತದೆ, ಹಳೆ ಅಕ್ಕಿಗೆ ಬೆಲೆಯೂ ಹೆಚ್ಚು. ಹಾಗೆಂದು ಅದನ್ನು ಹೋಟೆಲಿನ ಉಗ್ರಾಣದಲ್ಲಿ ಹಳೆಯದು ಮಾಡುತ್ತ ಕೂರುವಂತಿಲ್ಲ, ಸೆಕೆಯ ಕೋಣೆಯಲ್ಲಿ ನುಸಿ ಮೊದಲು ಬರುತ್ತದೆ.

ಈ ಪದ್ಧತಿಯನ್ನು ಸದ್ದಿಲ್ಲದೆ ಕೆಡಿಸುವುದು ಡ್ರಮ್ಮು. ಅರ್ಧ ಖಾಲಿಯಾದ ರವೆಯ ಡ್ರಮ್ಮಿಗೆ ಮೇಲಿನಿಂದ ಹೊಸ ರವೆ ಸುರಿಯುತ್ತಾರೆ, ಮೇಲಿನದ್ದೇ ಖರ್ಚಾಗುತ್ತ ಹೋಗುತ್ತದೆ. ತಳದ ರವೆ ವರ್ಷವಾದರೂ ಅಲುಗುವುದಿಲ್ಲ. ಪುಸ್ತಕದಲ್ಲಿ ಎಲ್ಲವೂ ಸರಿಯಾಗಿರುತ್ತದೆ, ಡ್ರಮ್ಮಿನ ಬುಡಕ್ಕೆ ಕೈಹಾಕಿದಾಗ ಉಂಡೆಗಟ್ಟಿದ ಹಿಟ್ಟೂ ಬಲೆಯಂಥ ನೂಲೂ ಸಿಗುತ್ತವೆ. ಒಂದೊಂದು ಸಾಮಾನಿಗೆ ಎರಡೆರಡು ಡಬ್ಬ ಇಟ್ಟು, ಒಂದು ಪೂರ್ತಿ ಖಾಲಿಯಾಗಿ ಒರೆಸಿ ಒಣಗಿದ ಮೇಲಷ್ಟೇ ಅದನ್ನು ತುಂಬುವುದು ಇದಕ್ಕಿರುವ ಉಪಾಯ. ಜಾಗ ಹೆಚ್ಚು ಬೇಕೆಂಬ ಗೊಣಗಾಟ ಇದ್ದದ್ದೇ.

ಪನೀರ್, ಬೆಣ್ಣೆ, ಮೊಸರಿನ ಪ್ಯಾಕೆಟ್ಟುಗಳಿಗೆ ಬಂದ ದಿನ ನೋಡಿದರೆ ಸಾಲದು. ಇಂದು ಬಂದ ಪೆಟ್ಟಿಗೆಯ ಗಡುವು ಮೊನ್ನೆ ಬಂದದ್ದಕ್ಕಿಂತ ಮೊದಲೇ ತೀರುವುದುಂಟು. ಅಲ್ಲಿ ಗಡುವು ಮೊದಲು ಮುಗಿಯುವುದೇ ಮುಂದಕ್ಕೆ ಬರಬೇಕು. 5 ಡಿಗ್ರಿ ಸೆಲ್ಸಿಯಸ್ ಮೀರದ ಫ್ರಿಜ್ಜಿನಲ್ಲಿದ್ದರೂ ಈ ನಿಯಮ ತಪ್ಪಿದ್ದಲ್ಲ.

ಎಣಿಕೆಯೇ ತಪ್ಪಿದರೆ ಇದೆಲ್ಲ ವ್ಯರ್ಥ. ಅದು ಪ್ರತಿ ವಾರ ಒಂದೇ ಹೊತ್ತಿಗೆ, ವ್ಯಾಪಾರ ಮುಗಿದ ಮೇಲೆ, ಹೊಸ ಸರಕು ಬರುವ ಮೊದಲು ಆಗಬೇಕು. ಬಿಚ್ಚಿದ ಮೂಟೆಯನ್ನು ಕಣ್ಣಳತೆಯಲ್ಲಿ ‘ಅರ್ಧ’ ಎಂದು ಬರೆಯದೆ ತೂಗಬೇಕು. ಒಬ್ಬರು ಹೇಳಿ ಇನ್ನೊಬ್ಬರು ಬರೆದರೆ ಒಳ್ಳೆಯದು. ಕಳೆದ ಮಂಗಳವಾರ 28 ಕಿಲೋ ಇತ್ತು, 90 ಬಂತು, ಈಗ ಉಳಿದದ್ದು 26. ಅಂದರೆ 92 ಕಿಲೋ ಖರ್ಚಾಗಿದೆ. ರುಬ್ಬುವವರ ಚೀಟಿಗಳನ್ನು ಕೂಡಿಸಿದರೆ ನೆನೆಸಿದ್ದು 88 ಮಾತ್ರ. ಉಳಿದ ನಾಲ್ಕು ಕಿಲೋ ಕಳವೆಂದು ಕೂಗಾಡುವ ಮೊದಲು ಒಗ್ಗರಣೆಯ ಡಬ್ಬಿಯನ್ನೂ ಚಟ್ನಿಪುಡಿಯ ಬಾಣಲೆಯನ್ನೂ ನೋಡುವುದು ಮೇಲು. ಅಲ್ಲಿಗೆ ಹೋಗುವ ಉದ್ದಿಗೆ ಚೀಟಿ ಬರೆಯುವ ರೂಢಿ ಎಷ್ಟೋ ಕಡೆ ಇರುವುದಿಲ್ಲ. ಅದಕ್ಕೂ ಚೀಟಿ ಬರೆಸಿದ ಮೇಲೆ ಪ್ರತಿ ವಾರ ಅಷ್ಟೇ ವ್ಯತ್ಯಾಸ ಉಳಿದರೆ ಅಳತೆಯ ಪಾತ್ರೆಯನ್ನು ಪರೀಕ್ಷಿಸಬೇಕು, ಆಮೇಲೆ ಬೀಗದ ಕೈಯನ್ನು.

ಒಮ್ಮೆ ಬರೆದ ಪಾರ್ ಶಾಶ್ವತವಲ್ಲ. ಕಾಲೇಜಿನ ಎದುರಿನ ದರ್ಶಿನಿಗೆ ಪರೀಕ್ಷೆ ಮುಗಿದ ವಾರ 120 ಕಿಲೋ ಉದ್ದು ಭಾರವಾಗುತ್ತದೆ, ಪಕ್ಕದಲ್ಲಿ ಹೊಸ ಕಚೇರಿ ತೆರೆದರೆ ಸಾಲದಾಗುತ್ತದೆ. ಮಂಗಳವಾರದ ಎಣಿಕೆ ಸತತವಾಗಿ ಮೂರ್ನಾಲ್ಕು ವಾರ 40 ಕಿಲೋ ದಾಟಿದರೆ ಪಾರ್‌ನಲ್ಲಿ ಅರ್ಧ ಮೂಟೆ ಇಳಿಸಬಹುದು. 10ಕ್ಕಿಂತ ಕೆಳಗಿಳಿಯುತ್ತಿದ್ದರೆ ಅಷ್ಟೇ ಏರಿಸಬೇಕು. ಒಂದೇ ವಾರದ ಏರಿಳಿತಕ್ಕೆ ಮಾತ್ರ ಪಾರ್ ಬದಲಿಸಬಾರದು, ಅದನ್ನು ತಡೆದುಕೊಳ್ಳಲೆಂದೇ ಮೀಸಲು ಇರುವುದು.