ವೃದ್ಧರ ಬೀಳುವಿಕೆಯ ಎಣಿಕೆ: ಪ್ವಾಸಾನ್ ವಿಧಾನ ಮತ್ತು ಸಂಭವ ದರಗಳ ಅನುಪಾತ

ವೃದ್ಧಾಶ್ರಮದಲ್ಲಿ ಒಬ್ಬ ನಿವಾಸಿ ವರ್ಷಕ್ಕೆ ಎಷ್ಟು ಬಾರಿ ಬೀಳುತ್ತಾನೆ ಎಂಬುದು ಸೊನ್ನೆ, ಒಂದು, ಎರಡು ಎಂದು ಎಣಿಸಬಹುದಾದ ಸಂಖ್ಯೆ. ಬಹುಪಾಲು ನಿವಾಸಿಗಳ ಹೆಸರಿನ ಮುಂದೆ ಸೊನ್ನೆ ಅಥವಾ ಒಂದು ಇರುತ್ತದೆ, ಕೆಲವರ ಮುಂದೆ ದೊಡ್ಡ ಸಂಖ್ಯೆ ಇರುತ್ತದೆ. ರಕ್ತದೊತ್ತಡದಂಥ ಅಳತೆಗಳಿಗೆ ಒಗ್ಗುವ ಸಾಮಾನ್ಯ ಸರಾಸರಿ ಹೋಲಿಕೆ ಇಂಥ ಎಣಿಕೆಗಳಿಗೆ ಸರಿಹೊಂದುವುದಿಲ್ಲ. ಫ್ರೆಂಚ್ ಗಣಿತಜ್ಞ ಪ್ವಾಸಾನ್ 1837ರಲ್ಲಿ ಪ್ರಕಟಿಸಿದ ಸಂಭವನೀಯತಾ ವಿತರಣೆಯನ್ನು ಆಧರಿಸಿದ ರಿಗ್ರೆಷನ್ ವಿಧಾನವನ್ನು ಶುಶ್ರೂಷಾ ಸಂಶೋಧಕರು ಆಶ್ರಯಿಸುವುದು ಈ ಕಾರಣದಿಂದ.

ವಿಧಾನದ ತಿರುಳನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಒಂದು ಆಶ್ರಮದ ಎರಡು ವಿಭಾಗಗಳಲ್ಲಿ ತಲಾ 40 ನಿವಾಸಿಗಳಿದ್ದಾರೆ. ಒಂದು ವಿಭಾಗದಲ್ಲಿ ದಾದಿಯರು ವರ್ಷವಿಡೀ ಸಮತೋಲನದ ವ್ಯಾಯಾಮ ಮಾಡಿಸಿದರು. ಇನ್ನೊಂದರಲ್ಲಿ ಎಂದಿನ ಆರೈಕೆಯೇ ಮುಂದುವರಿಯಿತು. ವರ್ಷಾಂತ್ಯಕ್ಕೆ ವ್ಯಾಯಾಮದ ವಿಭಾಗದಲ್ಲಿ 48, ಎಂದಿನ ಆರೈಕೆಯ ವಿಭಾಗದಲ್ಲಿ 81 ಬೀಳುವಿಕೆಗಳು ದಾಖಲಾದವು. ಈ ಎರಡು ಸಂಖ್ಯೆಗಳನ್ನು ನೇರವಾಗಿ ಭಾಗಿಸಿದರೆ 0.59 ದೊರೆತು, ಶೇಕಡಾ 41ರಷ್ಟು ಇಳಿಕೆಯಾದಂತೆ ತೋರುತ್ತದೆ.

ಆದರೆ ಎಲ್ಲ ನಿವಾಸಿಗಳೂ ವರ್ಷಪೂರ್ತಿ ಆಶ್ರಮದಲ್ಲಿರುವುದಿಲ್ಲ. ಕೆಲವರು ತೀರಿಕೊಳ್ಳುತ್ತಾರೆ, ಕೆಲವರು ವಾರಗಟ್ಟಲೆ ಆಸ್ಪತ್ರೆಯಲ್ಲಿರುತ್ತಾರೆ. ಅಲ್ಲಿಲ್ಲದ ದಿನಗಳಲ್ಲಿ ಅವರು ಆಶ್ರಮದಲ್ಲಿ ಬೀಳಲಾರರು. ಆದ್ದರಿಂದ ಪ್ರತಿಯೊಬ್ಬರೂ ನಿಗಾದಲ್ಲಿದ್ದ ದಿನಗಳನ್ನು ಕೂಡಿಸಿ ‘ವ್ಯಕ್ತಿ-ವರ್ಷ’ಗಳಾಗಿ ಪರಿವರ್ತಿಸಬೇಕು. ವ್ಯಾಯಾಮದ ವಿಭಾಗದಲ್ಲಿ ಅದು 32, ಇನ್ನೊಂದರಲ್ಲಿ 36 ಎಂದಿಟ್ಟುಕೊಳ್ಳೋಣ. ಆಗ ದರಗಳು ವ್ಯಕ್ತಿ-ವರ್ಷಕ್ಕೆ ಕ್ರಮವಾಗಿ 1.5 ಮತ್ತು 2.25 ಆಗುತ್ತವೆ. ಇವುಗಳ ಅನುಪಾತ 0.67. ಇದೇ ಸಂಭವ ದರಗಳ ಅನುಪಾತ. ಇಳಿಕೆ ಶೇಕಡಾ 41 ಅಲ್ಲ, 33. ರಿಗ್ರೆಷನ್ ಸಮೀಕರಣದಲ್ಲಿ ಈ ಕಾಲಾವಧಿಗೆ ಪ್ರತ್ಯೇಕ ಸ್ಥಾನವಿದೆ:

log(μ) = log(t) + β₀ + β₁x

ಇಲ್ಲಿ μ ನಿರೀಕ್ಷಿತ ಎಣಿಕೆ, t ನಿಗಾದಲ್ಲಿದ್ದ ಕಾಲ, x ಎಂಬುದು ವ್ಯಾಯಾಮದ ವಿಭಾಗಕ್ಕೆ 1, ಇನ್ನೊಂದಕ್ಕೆ 0. log(t)ಗೆ ಆಫ್‌ಸೆಟ್ ಎಂದು ಹೆಸರು. ಅದರ ಗುಣಕವನ್ನು ಲೆಕ್ಕಹಾಕದೆ 1 ಎಂದೇ ಸ್ಥಿರವಾಗಿಡಲಾಗುತ್ತದೆ. ಗಣಕವು β₁ನ ಬೆಲೆಯನ್ನು −0.405 ಎಂದು ಕೊಡುತ್ತದೆ. e ಯನ್ನು ಆ ಘಾತಕ್ಕೆ ಏರಿಸಿದರೆ ಪುನಃ 0.67 ಬರುತ್ತದೆ. ಈ ಸಂಖ್ಯೆ ಬೀಳುವಿಕೆಗಳ ದರವನ್ನು ಕುರಿತದ್ದೇ ಹೊರತು ಬಿದ್ದವರ ಸಂಖ್ಯೆಯನ್ನು ಕುರಿತದ್ದಲ್ಲ. ‘ಮೂರನೆಯ ಒಂದು ಭಾಗ ನಿವಾಸಿಗಳು ಬೀಳುವುದರಿಂದ ಪಾರಾದರು’ ಎಂದು ಇದನ್ನು ಓದುವುದು ತಪ್ಪು. ವರದಿಗಳಲ್ಲಿ ಈ ತಪ್ಪು ವಿರಳವೇನಲ್ಲ.

ಪ್ವಾಸಾನ್ ಲೆಕ್ಕದ ಪ್ರಕಾರ ಈ ಅನುಪಾತದ ಶೇಕಡಾ 95ರ ವಿಶ್ವಾಸ ವ್ಯಾಪ್ತಿ 0.47ರಿಂದ 0.95. ವ್ಯಾಪ್ತಿಯೊಳಗೆ 1 ಇಲ್ಲವಾದ್ದರಿಂದ ವ್ಯಾಯಾಮ ಫಲಕಾರಿ ಎಂದು ಬರೆಯಲು ಸಂಶೋಧಕರು ಮುಂದಾಗುತ್ತಾರೆ. ತೊಡಕಿರುವುದು ಇಲ್ಲಿಯೇ. ಪ್ವಾಸಾನ್ ವಿತರಣೆಯಲ್ಲಿ ಎಣಿಕೆಗಳ ಚದುರಿಕೆಯ ಅಳತೆಯಾದ ವೇರಿಯನ್ಸ್, ಸರಾಸರಿಗೆ ಸಮನಾಗಿರಬೇಕು. ಮನುಷ್ಯರ ಬೀಳುವಿಕೆ ಈ ನಿಯಮಕ್ಕೆ ಒಳಪಡುವುದು ಅಪರೂಪ. ಪಾರ್ಕಿನ್ಸನ್ ಕಾಯಿಲೆಯೋ ಮರೆಗುಳಿತನವೋ ಇರುವ ಒಬ್ಬ ವ್ಯಕ್ತಿ ಮತ್ತೆಮತ್ತೆ ಬೀಳಬಹುದು. ನಮ್ಮ ಉದಾಹರಣೆಯಲ್ಲಿ ಎಂದಿನ ಆರೈಕೆಯ ವಿಭಾಗದ ಒಬ್ಬರೇ, ವರ್ಷಪೂರ್ತಿ ಅಲ್ಲಿದ್ದು, 24 ಬಾರಿ ಬಿದ್ದಿದ್ದಾರೆ ಎನ್ನೋಣ. ಅವರನ್ನು ಬದಿಗಿಟ್ಟರೆ ಆ ವಿಭಾಗದಲ್ಲಿ 35 ವ್ಯಕ್ತಿ-ವರ್ಷಗಳಲ್ಲಿ 57 ಬೀಳುವಿಕೆಗಳು ಉಳಿಯುತ್ತವೆ, ಅನುಪಾತ 0.92ಕ್ಕೆ ಏರುತ್ತದೆ. ವ್ಯಾಯಾಮದ ಫಲವೆಂದು ಕಂಡದ್ದರ ಬಹುಭಾಗ ಆ ಒಬ್ಬ ವ್ಯಕ್ತಿಯಿಂದ ಬಂದದ್ದು.

ಹಾಗೆಂದು ಅವರನ್ನು ಲೆಕ್ಕದಿಂದ ಕೈಬಿಡುವುದು ಪರಿಹಾರವಲ್ಲ. ಆರೈಕೆ ಹೆಚ್ಚು ಬೇಕಾಗಿರುವುದು ಅವರಿಗೇ. ಮೊದಲು ಪಿಯರ್ಸನ್ ಕೈವರ್ಗ ಮೌಲ್ಯವನ್ನು ಅದರ ಸ್ವಾತಂತ್ರ್ಯಾಂಕದಿಂದ ಭಾಗಿಸಿ ನೋಡಬೇಕು. ಅದು 1ರ ಸಮೀಪವಿದ್ದರೆ ಪ್ವಾಸಾನ್ ವಿಧಾನ ಒಪ್ಪಬಹುದು. ಇಲ್ಲಿ ಅದು 4 ಇದೆ ಎಂದಿಟ್ಟುಕೊಂಡರೆ, ಪ್ರಮಾಣಿತ ದೋಷವನ್ನು ಅದರ ವರ್ಗಮೂಲದಿಂದ, ಅಂದರೆ 2ರಿಂದ, ಗುಣಿಸಬೇಕು. ಆಗ ಅನುಪಾತ 0.67 ಆಗಿಯೇ ಉಳಿದರೂ ವ್ಯಾಪ್ತಿ 0.33ರಿಂದ 1.36ಕ್ಕೆ ಹಿಗ್ಗುತ್ತದೆ. ಲಾಭವೂ ಇರಬಹುದು, ನಷ್ಟವೂ ಇರಬಹುದು ಎಂಬಷ್ಟನ್ನೇ ಈಗ ಹೇಳಲು ಸಾಧ್ಯ.

ಇನ್ನೊಂದು ಮಾರ್ಗ ಋಣ ದ್ವಿಪದ ವಿತರಣೆ. ಪ್ರತಿ ವ್ಯಕ್ತಿಗೂ ತನ್ನದೇ ಆದ ಬೀಳುವ ಪ್ರವೃತ್ತಿಯಿದೆ ಎಂಬುದನ್ನು ಅದು ಒಪ್ಪಿಕೊಂಡು, ವೇರಿಯನ್ಸನ್ನು μ + αμ² ಎಂದು ಬರೆಯುತ್ತದೆ. α ಸೊನ್ನೆಯಾದರೆ ಪ್ವಾಸಾನ್ ವಿತರಣೆಯೇ ಮರಳಿ ಬರುತ್ತದೆ. ಬೀಳುವಿಕೆ ತಡೆಯುವ ಪ್ರಯೋಗಗಳಿಗೆ ಈ ವಿಧಾನ ಸೂಕ್ತವೆಂದು ನ್ಯೂಜಿಲೆಂಡಿನ ರಾಬರ್ಟ್‌ಸನ್, ಕ್ಯಾಂಪ್‌ಬೆಲ್ ಮತ್ತು ಹರ್ಬಿಸನ್ 2005ರಲ್ಲಿ ಪ್ರತಿಪಾದಿಸಿದರು.

ಆದರೂ ಒಂದು ಕೊರತೆಯನ್ನು ಯಾವ ವಿತರಣೆಯೂ ತುಂಬಲಾರದು. ವ್ಯಾಯಾಮ ನಡೆದದ್ದು ಒಂದೇ ವಿಭಾಗದಲ್ಲಿ, ನಡೆಯದಿದ್ದುದೂ ಒಂದೇ ವಿಭಾಗದಲ್ಲಿ. ಆ ವಿಭಾಗದ ನೆಲ ಜಾರುವಂಥದ್ದೇ, ರಾತ್ರಿಪಾಳಿಯಲ್ಲಿ ದಾದಿಯರು ಕಡಿಮೆಯೇ ಎಂಬ ವ್ಯತ್ಯಾಸಗಳು ವ್ಯಾಯಾಮದ ಪರಿಣಾಮದೊಡನೆ ಬೆರೆತುಹೋಗಿವೆ. ಅವುಗಳನ್ನು ಬಿಡಿಸಬೇಕಾದರೆ ಪ್ರತಿ ಬಗೆಗೂ ಹಲವಾರು ವಿಭಾಗಗಳು ಬೇಕು, ಮತ್ತು ಯಾವುದಕ್ಕೆ ವ್ಯಾಯಾಮ ಎಂಬುದನ್ನು ಅಧ್ಯಯನದ ಆರಂಭದಲ್ಲಿಯೇ ಚೀಟಿ ಎತ್ತಿ ನಿರ್ಧರಿಸಿರಬೇಕು.