ಕ್ಲಾಸ್ ಗ್ರೂಪ್ ಮುಚ್ಚುವ ಮುನ್ನ

“ಸರ್, ಪರೀಕ್ಷೆ ಮುಗಿದ ಮೇಲೆ ಮಗಳ ಏಳನೇ ಕ್ಲಾಸಿನ ವಾಟ್ಸಾಪ್ ಗ್ರೂಪ್ ತೆಗೆದುಬಿಡ್ತಾರಂತೆ. ಜೂನ್‌ನಿಂದ ಬಂದ ನೋಟ್ಸ್, ಪ್ರವಾಸದ ಫೋಟೋ ಎಲ್ಲಾ ಅದರಲ್ಲೇ ಇವೆ. ಉಳಿಸಿಕೊಳ್ಳೋದು ಹೇಗೆ?” ಬೇಸಿಗೆ ರಜೆ ಹತ್ತಿರವಾದಾಗ ಕಂಪ್ಯೂಟರ್ ಮೇಷ್ಟ್ರಿಗೆ ಪೋಷಕರು ಬರೆಯುವ ಇಮೇಲ್ ಹೆಚ್ಚುಕಡಿಮೆ ಹೀಗಿರುತ್ತದೆ.

ಇಲ್ಲಿ ಭಯ ಸ್ವಲ್ಪ ದಿಕ್ಕು ತಪ್ಪಿದೆ. ಅಡ್ಮಿನ್ ಎಲ್ಲರನ್ನೂ ಹೊರಹಾಕಿದರೂ ಹಳೆಯ ಮೆಸೇಜುಗಳು ನಿಮ್ಮ ಫೋನಿನಲ್ಲಿ ಹಾಗೇ ಇರುತ್ತವೆ. ಅವು ಹೋಗುವುದು ಫೋನ್ ತುಂಬಿತೆಂದು ನೀವೇ ಅಳಿಸಿದಾಗ, ಇಲ್ಲವೇ ಹೊಸ ಫೋನ್ ಕೊಂಡಾಗ. ಗೂಗಲ್ ಡ್ರೈವ್‌ಗೆ ಬ್ಯಾಕಪ್ ಇದೆಯಲ್ಲ ಎನ್ನಬಹುದು. ಆದರೆ ಅದನ್ನು ತೆರೆಯಲು ಮತ್ತೆ ವಾಟ್ಸಾಪೇ ಬೇಕು. ಓದಲು ಬರುವ ಪ್ರತಿ ಬೇಕಾದರೆ ಎಕ್ಸ್‌ಪೋರ್ಟ್ ಮಾಡಬೇಕು.

ಅದಕ್ಕೂ ಮೊದಲು ಒಂದು ಕೆಲಸವಿದೆ, ಹೆಚ್ಚಿನವರು ಎಡವುವುದು ಇಲ್ಲೇ. ಗ್ರೂಪಿನ ಹೆಸರು ಒತ್ತಿ, ಬಂದ ಫೋಟೋಗಳನ್ನೆಲ್ಲ ಒಮ್ಮೆ ನೋಡಿ. ಮಸುಕಾಗಿ, ಮೇಲೆ ಬಾಣದ ಗುರುತು ಇದ್ದರೆ ಅದು ಇನ್ನೂ ನಿಮ್ಮ ಫೋನಿಗೆ ಇಳಿದೇ ಇಲ್ಲ. ಇಳಿಯದ ಫೋಟೋ ಎಕ್ಸ್‌ಪೋರ್ಟಿಗೂ ಬಾರದು. ಒತ್ತಿದರೂ ಬರದಿದ್ದರೆ ಸರ್ವರ್‌ನಿಂದ ಅದು ಹೋಗಿರುತ್ತದೆ. ಕಳಿಸಿದವರನ್ನೇ ಮತ್ತೆ ಕೇಳಬೇಕು. ಈ ಕೇಳಾಟಕ್ಕೆ ಗ್ರೂಪ್ ಇರುವಾಗಲೇ ಸುಲಭ.

ಆಮೇಲೆ ಆಂಡ್ರಾಯ್ಡ್ ಫೋನಿನಲ್ಲಿ ಗ್ರೂಪ್ ತೆರೆದು, ಮೇಲಿನ ಮೂರು ಚುಕ್ಕೆ, More, Export chat ಎಂದು ಹೋಗಿ. ಫೋಟೋ ಬೇಕಿದ್ದರೆ Include media ಆರಿಸಿ. ಎಲ್ಲಿಗೆ ಕಳಿಸಲಿ ಎಂದು ಫೋನ್ ಕೇಳಿದಾಗ ಜಿಮೇಲ್ ಬೇಡ, ಡ್ರೈವ್ ಇರಲಿ; ಜಿಮೇಲ್‌ನ 25 ಎಂಬಿ ಮಿತಿಯಲ್ಲಿ ಪ್ರವಾಸದ ಒಂದೆರಡು ವಿಡಿಯೊ ಹಿಡಿಸುವುದೂ ಕಷ್ಟ. ಎಕ್ಸ್‌ಪೋರ್ಟಿಗೂ ಮೇರೆಯಿದೆ. ಮೀಡಿಯಾ ಸೇರಿಸಿದರೆ ಇತ್ತೀಚಿನ ಸುಮಾರು 10,000 ಮೆಸೇಜು, ಬಿಟ್ಟರೆ ಸುಮಾರು 40,000. “ಗುಡ್ ಮಾರ್ನಿಂಗ್” ಸುರಿಯುವ ಗ್ರೂಪಾದರೆ ಜೂನ್ ತಿಂಗಳ ನೋಟ್ಸೇ ಈ ಮೇರೆಯಾಚೆ ಉಳಿದುಬಿಡಬಹುದು. ಆದ್ದರಿಂದ ಎರಡು ಬಗೆಯಲ್ಲೂ ಒಂದೊಂದು ಪ್ರತಿ ತೆಗೆಯಿರಿ.

ಬಂದ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದು ನೋಡದೆ ಫೋನಿನಿಂದ ಏನನ್ನೂ ಅಳಿಸಬೇಡಿ. ಮಾತುಕತೆಯೆಲ್ಲ ಒಂದು ಟೆಕ್ಸ್ಟ್ ಫೈಲಿನಲ್ಲಿ, ತಾರೀಖು, ಹೊತ್ತು, ಹೆಸರಿನ ಸಮೇತ ಸಾಲುಸಾಲಾಗಿ ಇರುತ್ತದೆ. ಮೀಡಿಯಾ ಬಿಟ್ಟ ಪ್ರತಿಯಲ್ಲಿ ಫೋಟೋ ಇದ್ದ ಕಡೆ <Media omitted> ಎಂದಷ್ಟೇ ಕಾಣುತ್ತದೆ. ಕನ್ನಡದ ಬದಲು à²• ಎಂಬಂಥ ಗೀಚು ಕಂಡರೆ ಗಾಬರಿ ಬೇಡ, ಫೈಲು ಕೆಟ್ಟಿಲ್ಲ; UTF-8 ಆರಿಸಿ ಮತ್ತೆ ತೆರೆದರೆ ಅಕ್ಷರ ಸರಿಯಾಗುತ್ತದೆ. ಈ ಫೈಲನ್ನು ಮರಳಿ ವಾಟ್ಸಾಪಿಗೆ ತುಂಬಲು ಆಗದು, ಓದಲು ಮಾತ್ರ.

ಯಾರ ಫೋನಿನಿಂದ ತೆಗೆಯಬೇಕು? ಗ್ರೂಪಿಗೆ ಜೂನ್‌ನಲ್ಲೇ ಸೇರಿ, ಆಮೇಲೆ ಫೋನ್ ಬದಲಿಸದವರದು ಉತ್ತಮ. ನಡುವೆ ಸೇರಿದವರ ಫೋನಿನಲ್ಲಿ ಹಿಂದಿನ ತಿಂಗಳುಗಳು ಸಿಗುವುದಿಲ್ಲ. ಹೆಸರು ಸೇವ್ ಮಾಡದ ಪೋಷಕರ ಮೊಬೈಲ್ ನಂಬರು ಫೈಲಿನಲ್ಲಿ ಹಾಗೇ ಇರುತ್ತದೆ, ಕಂಡಕಂಡವರಿಗೆ ಹಂಚಬೇಡಿ. ಇನ್ನು Export chat ಒತ್ತಿದರೂ ಕೆಲಸ ಮಾಡದಿದ್ದರೆ ಗ್ರೂಪಿನಲ್ಲಿ Advanced chat privacy ಹಾಕಿದ್ದಾರೆಯೇ ಎಂದು ಟೀಚರನ್ನು ಕೇಳಿ. ಅದನ್ನು ತೆಗೆಯುವವರೆಗೆ ಎಕ್ಸ್‌ಪೋರ್ಟ್ ಆಗುವುದಿಲ್ಲ.